ಮೈನಸ್ ಎರಡು, ಮೈನಸ್ ಒಂದು, ನೂರ ಎಂಬತ್ತು

ಬಲಗಣ್ಣು: −2.00 / −1.00 × 180
ಎಡಗಣ್ಣು: −1.75 / −0.50 × 170

ದ್ವಿತೀಯ ಪಿಯುಸಿ ಓದುವ ಹುಡುಗಿಯೊಬ್ಬಳಿಗೆ ಮೊದಲ ಸಲ ಕನ್ನಡಕ ಬರೆದುಕೊಟ್ಟಿದ್ದಾರೆ ಎಂದುಕೊಳ್ಳಿ. ಚೀಟಿಯಲ್ಲಿರುವುದು ಇಷ್ಟೇ. ಮೊದಲ ಅಂಕಿಯ ತಲೆಯ ಮೇಲೆ ಸ್ಫಿಯರ್, ಎರಡನೆಯದರ ಮೇಲೆ ಸಿಲಿಂಡರ್, ಮೂರನೆಯದರ ಮೇಲೆ ಆಕ್ಸಿಸ್ ಎಂದು ಅಚ್ಚಾಗಿರುತ್ತದೆ. ಕೆಲವರು ಅಷ್ಟನ್ನೂ ಪೂರ್ತಿ ಬರೆಯದೆ ಮೂರು ಮೂರು ಅಕ್ಷರಗಳಲ್ಲಿ ಮುಗಿಸುತ್ತಾರೆ. ಕಣ್ಣು ಪರೀಕ್ಷೆ ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯನ್ನೇ ಹುಡುಗಿಯ ಅಪ್ಪನೂ ಕೇಳುತ್ತಾರೆ: “ಒಟ್ಟು ಎಷ್ಟಾಯ್ತು ಸರ್? ಮೂರು ಪಾಯಿಂಟಾ?”

ಹೀಗೆ ಕೂಡಬಾರದು ಎಂದು ಹೇಳಿ ಕಳಿಸಿಬಿಡುವುದು ಸುಲಭ. ಆದರೆ ಅವರ ಲೆಕ್ಕ ಅರ್ಧ ಸರಿ. ಆ ಬಲಗಣ್ಣಿನಲ್ಲಿ ಒಂದು ದಿಕ್ಕಿಗೆ ನಿಜವಾಗಿಯೂ ಮೈನಸ್ ಮೂರು ಇದೆ, ಇನ್ನೊಂದು ದಿಕ್ಕಿಗೆ ಮೈನಸ್ ಎರಡೇ ಇದೆ. ಇದೊಂದು ಗೊತ್ತಾದರೆ ಚೀಟಿ ಪೂರ್ತಿ ಅರ್ಥವಾದ ಹಾಗೆ. ಅಲ್ಲಿಗೆ ಬರುವ ಮೊದಲು ಸಿಲಿಂಡರನ್ನೂ ಆಕ್ಸಿಸನ್ನೂ ಸ್ವಲ್ಪ ಹೊತ್ತು ಬದಿಗಿಟ್ಟು ಮೊದಲ ಅಂಕಿಯನ್ನಷ್ಟೇ ನೋಡೋಣ.

ಸ್ಫಿಯರ್ ಎಂದರೆ ಗೋಳ. ಮಸೂರದ ಮೇಲ್ಮೈ ಚೆಂಡಿನ ಮೈಯಂತೆ ಎಲ್ಲ ದಿಕ್ಕಿಗೂ ಒಂದೇ ಸಮ ಬಾಗಿದ್ದರೆ ಅದರ ಪವರ್ ಕೂಡ ಎಲ್ಲ ದಿಕ್ಕಿಗೂ ಒಂದೇ. ನಾವು ಬಾಯಿಮಾತಿನಲ್ಲಿ ‘ಪಾಯಿಂಟ್’ ಎಂದೋ ‘ನಂಬರ್’ ಎಂದೋ ಹೇಳುವುದಕ್ಕೆ ಅಳತೆಯ ಹೆಸರು ಡಯಾಪ್ಟರ್. ಫ್ರಾನ್ಸಿನ ಕಣ್ಣಿನ ವೈದ್ಯ ಫರ್ಡಿನಂಡ್ ಮೊನೊಯೆ 1872ರಲ್ಲಿ ಸೂಚಿಸಿದ ಹೆಸರು ಅದು. ಇದರ ಲೆಕ್ಕವನ್ನು ಮನೆಯಲ್ಲೇ ಮಾಡಬಹುದು. ಒಂದನ್ನು ಡಯಾಪ್ಟರಿನಿಂದ ಭಾಗಿಸಿದರೆ ದೂರ ಮೀಟರಿನಲ್ಲಿ ಸಿಗುತ್ತದೆ. ಮೈನಸ್ ಎರಡು ಇದ್ದವರಿಗೆ ಒಂದನ್ನು ಎರಡರಿಂದ ಭಾಗಿಸಿದರೆ ಅರ್ಧ ಮೀಟರ್. ಕನ್ನಡಕವಿಲ್ಲದೆ ಅವರ ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಕೊನೆಯ ಎಲ್ಲೆ ಅದೇ, 50 ಸೆಂಟಿಮೀಟರ್. ಅಲ್ಲಿಂದಾಚೆ ಎಲ್ಲವೂ ಮಸುಕು. ಮೈನಸ್ ಒಂದಾದರೆ ಎಲ್ಲೆ ಒಂದು ಮೀಟರ್, ಮೈನಸ್ ನಾಲ್ಕಾದರೆ 25 ಸೆಂಟಿಮೀಟರ್.

ಮೈನಸ್ ಯಾಕೆಂದರೆ, ಇಂಥ ಕಣ್ಣಿನಲ್ಲಿ ದೂರದ ವಸ್ತುವಿನಿಂದ ಬಂದ ಬೆಳಕು ಹಿಂದಿನ ರೆಟಿನಾ ಪರದೆಯನ್ನು ಮುಟ್ಟುವ ಮೊದಲೇ ಒಂದುಗೂಡಿಬಿಡುತ್ತದೆ. ಬೆಳಕನ್ನು ಕೂಡಿಸುವ ಶಕ್ತಿ ಕಣ್ಣಿನ ಉದ್ದಕ್ಕೆ ಹೋಲಿಸಿದರೆ ಹೆಚ್ಚಾಗಿದೆ, ಅದರಲ್ಲಿ ಒಂದಿಷ್ಟನ್ನು ಕಳೆಯಬೇಕು. ನಡುವೆ ತೆಳ್ಳಗೆ, ಅಂಚಿಗೆ ದಪ್ಪಗಿರುವ ಮಸೂರ ಆ ಕೆಲಸ ಮಾಡುತ್ತದೆ. ಮೈನಸ್ ಎರಡರ ಮಸೂರದ ಮೂಲಕ ನೋಡಿದಾಗ ಆಚೆ ಬೀದಿಯ ಮರ ಕಣ್ಣಿನ ಲೆಕ್ಕಕ್ಕೆ ಅರ್ಧ ಮೀಟರ್ ದೂರದಲ್ಲಿದ್ದಂತೆ ಆಗುತ್ತದೆ. ಕಣ್ಣಿಗೆ ಎಟುಕುವ ದೂರಕ್ಕೆ ಜಗತ್ತನ್ನು ಎಳೆದು ತರುವುದು, ಅಷ್ಟೇ ಅದರ ಕೆಲಸ. ಪ್ಲಸ್ ಚಿಹ್ನೆ ಇದ್ದರೆ ಇದರ ತಿರುವುಮುರುವು: ಕಣ್ಣಿನ ಶಕ್ತಿ ಸಾಲದು, ಮಸೂರ ಸೇರಿಸಿಕೊಡುತ್ತದೆ. ಸ್ಫಿಯರ್ ಜಾಗದಲ್ಲಿ ಪ್ಲೇನೋ ಎಂದೋ 0.00 ಎಂದೋ ಇದ್ದರೆ ಅಲ್ಲಿ ಏನೂ ಬೇಕಿಲ್ಲ ಎಂದರ್ಥ. ನಲವತ್ತು ದಾಟಿದವರ ಚೀಟಿಯಲ್ಲಿ ಇನ್ನೊಂದು ಮನೆಯಲ್ಲಿ ‘ಆ್ಯಡ್’ ಎಂದು ಒಂದು ಪ್ಲಸ್ ಅಂಕಿ ಇರುತ್ತದೆ, ಅದು ಓದುವುದಕ್ಕೆ ಮೇಲಿಂದ ಸೇರಿಸಿಕೊಳ್ಳಬೇಕಾದ ಪವರ್. ನಮ್ಮ ಹುಡುಗಿಗೆ ಅದರ ಗೊಡವೆ ಇಲ್ಲ.

ಅಂಕಿಗಳು ಕಾಲು ಕಾಲು ಡಯಾಪ್ಟರಿನ ಹೆಜ್ಜೆಯಲ್ಲಿ ಏರುತ್ತವೆ: 0.25, 0.50, 0.75, 1.00. ಬಿಂದುವಿನ ನಂತರ ಎರಡು ಅಂಕಿ ಬರೆಯುವ ಶಿಸ್ತು ಸುಮ್ಮನೆ ಬಂದದ್ದಲ್ಲ. −.5 ಎಂದು ಅವಸರದಲ್ಲಿ ಗೀಚಿದ್ದನ್ನು ಅಂಗಡಿಯವರು −5 ಎಂದು ಓದಿಕೊಂಡರೆ ಏನಾದೀತು, ಯೋಚಿಸಿ. ಚಿಹ್ನೆಯದೂ ಅಷ್ಟೇ: ಮೈನಸ್ ಎರಡರ ಬದಲು ಪ್ಲಸ್ ಎರಡು ಹಾಕಿದರೆ ತಪ್ಪು ಎರಡರದ್ದಲ್ಲ, ನಾಲ್ಕರದ್ದು. ಇದೇ ಚೀಟಿಯಲ್ಲಿ 6/6, 6/18 ಎಂಬ ಅಂಕಿಗಳೂ ಇರಬಹುದು. ಅವು ಪವರ್ ಅಲ್ಲ. 6 ಮೀಟರ್ ದೂರದಿಂದ ಅಕ್ಷರಫಲಕದ ಎಷ್ಟನೆಯ ಸಾಲಿನವರೆಗೆ ಓದಿದಿರಿ ಎಂಬ ದಾಖಲೆ. 6/18 ಎಂದರೆ ಸರಿಯಾದ ಕಣ್ಣು 18 ಮೀಟರಿನಿಂದ ಓದುವುದನ್ನು ಈ ಕಣ್ಣು 6 ಮೀಟರಿನಿಂದ ಓದಿತು ಎಂದು.

ಈಗ ಬದಿಗಿಟ್ಟದ್ದನ್ನು ಎತ್ತಿಕೊಳ್ಳೋಣ.

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಪದರ ಕಾರ್ನಿಯಾ. ಕಣ್ಣಿನ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್. ಅದರಲ್ಲಿ ಮೂರನೆಯ ಎರಡು ಭಾಗ ಈ ಪದರದ್ದೇ. ಇದು ಚೆಂಡಿನ ಹಾಗೆ ಎಲ್ಲ ಕಡೆ ಒಂದೇ ಸಮ ಬಾಗಿದ್ದರೆ ಸ್ಫಿಯರ್ ಒಂದರಲ್ಲೇ ಕೆಲಸ ಮುಗಿಯುತ್ತಿತ್ತು. ಬಹಳ ಮಂದಿಯಲ್ಲಿ ಅದು ಹಾಗಿರುವುದಿಲ್ಲ. ನೀರಿನ ಬಿಂದಿಗೆಯ ಹೊಟ್ಟೆಯ ಮೇಲೆ ಕೈಯಾಡಿಸಿ ನೋಡಿ. ಅಡ್ಡಲಾಗಿ ಸುತ್ತಿಬಂದರೆ ಒಂದು ಬಾಗು, ಕಂಠದಿಂದ ತಳದ ಕಡೆಗೆ ಇಳಿದರೆ ಇನ್ನೊಂದು ಬಾಗು. ಕಾರ್ನಿಯಾದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿರುವುದಿಲ್ಲ, ಅದನ್ನು ಅಳೆಯಲು ಕೆರಟೋಮೀಟರ್ ಬೇಕು. ಹುಡುಗಿಯ ಬಲಗಣ್ಣಿನಲ್ಲಿ ಅಡ್ಡ ದಿಕ್ಕಿಗೆ 43 ಡಯಾಪ್ಟರ್, ಲಂಬ ದಿಕ್ಕಿಗೆ 44 ಡಯಾಪ್ಟರ್ ಸಿಕ್ಕಿತು ಅನ್ನೋಣ. ಈ ಒಂದು ಡಯಾಪ್ಟರ್ ವ್ಯತ್ಯಾಸವೇ ಚೀಟಿಯ ಎರಡನೆಯ ಅಂಕಿ, ಸಿಲಿಂಡರ್ −1.00. ಇದಕ್ಕೆ ವೈದ್ಯರು ಆಸ್ಟಿಗ್ಮ್ಯಾಟಿಸಂ ಎನ್ನುತ್ತಾರೆ. ಅದು ರೋಗವಲ್ಲ, ಆಕಾರ.

ಸಿಲಿಂಡರ್ ಎಂಬ ಹೆಸರು ಮಸೂರದ ಆಕಾರದಿಂದ ಬಂದದ್ದು. ಗಾಜಿನ ದುಂಡು ಸಲಾಕೆಯೊಂದರಿಂದ ಉದ್ದಕ್ಕೆ ಒಂದು ಸೀಳು ತೆಗೆದರೆ ಅದರ ಮೇಲ್ಮೈ ಒಂದು ದಿಕ್ಕಿಗೆ ಬಾಗಿರುತ್ತದೆ, ಉದ್ದದ ದಿಕ್ಕಿಗೆ ನೆಟ್ಟಗಿರುತ್ತದೆ. ಬಾಗಿರುವ ದಿಕ್ಕಿಗೆ ಮಾತ್ರ ಪವರ್, ನೆಟ್ಟಗಿರುವ ದಿಕ್ಕಿಗೆ ಸೊನ್ನೆ. ಆ ನೆಟ್ಟಗಿನ ದಿಕ್ಕೇ ಆಕ್ಸಿಸ್, ಅಂದರೆ ಅಕ್ಷ. ಇಲ್ಲಿ ಎಲ್ಲರೂ ಎಡವುವ ಒಂದು ಮಾತಿದೆ: ಸಿಲಿಂಡರಿನ ಪವರ್ ಅಕ್ಷದ ಮೇಲೆ ಇರುವುದಿಲ್ಲ, ಅಕ್ಷಕ್ಕೆ ಲಂಬವಾಗಿರುತ್ತದೆ. 180 ಎಂದರೆ ಅಡ್ಡಗೆರೆ. ಆದ್ದರಿಂದ ಬಲಗಣ್ಣಿನ ಮಸೂರದಲ್ಲಿ ಅಡ್ಡ ದಿಕ್ಕಿಗೆ ಸ್ಫಿಯರಿನ ಮೈನಸ್ ಎರಡು ಮಾತ್ರ ಕೆಲಸ ಮಾಡುತ್ತದೆ. ಮೇಲಿನಿಂದ ಕೆಳಕ್ಕೆ ಹೋಗುವ ದಿಕ್ಕಿಗೆ ಮೈನಸ್ ಎರಡರ ಜೊತೆ ಸಿಲಿಂಡರಿನ ಮೈನಸ್ ಒಂದೂ ಸೇರಿ ಮೈನಸ್ ಮೂರು. ಅಪ್ಪನ ಲೆಕ್ಕ ನಿಜವಾಗುವುದು ಇಲ್ಲಿ, ಈ ಒಂದೇ ದಿಕ್ಕಿನಲ್ಲಿ.

ಹೀಗಿರುವ ಕಣ್ಣಿಗೆ ಏನು ಕಾಣುತ್ತದೆ ಎಂಬುದನ್ನು ಶಾಲೆಯ ನೋಟ್‌ಬುಕ್ಕಿನಲ್ಲೇ ನೋಡಬಹುದು. ಅದರ ಹಾಳೆಯಲ್ಲಿ ಬರೆಯುವ ಅಡ್ಡಗೆರೆಗಳಿವೆ, ಅಂಚಿನಲ್ಲಿ ಮೇಲಿನಿಂದ ಕೆಳಕ್ಕೆ ಇಳಿದ ಕೆಂಪು ಮಾರ್ಜಿನ್ ಗೆರೆ ಇದೆ. ಹುಡುಗಿ ಎಡಗಣ್ಣು ಮುಚ್ಚಿಕೊಂಡು, ಬಲಗಣ್ಣಿನಿಂದ 50 ಸೆಂಟಿಮೀಟರ್ ದೂರದಲ್ಲಿ ಹಾಳೆಯನ್ನು ಹಿಡಿಯಲಿ. ಕೆಂಪು ಗೆರೆ ಚೊಕ್ಕವಾಗಿ ಕಾಣುತ್ತದೆ, ಅಡ್ಡಗೆರೆಗಳು ಮಾತ್ರ ಶಾಯಿ ಹರಡಿದಂತೆ ಮಸುಕು. ಹಾಳೆಯನ್ನು ನಿಧಾನಕ್ಕೆ ಹತ್ತಿರ ತಂದರೆ, 33 ಸೆಂಟಿಮೀಟರಿನ ಸುಮಾರಿಗೆ ಅಡ್ಡಗೆರೆಗಳು ಚುರುಕಾಗುತ್ತವೆ. ಒಂದನ್ನು ಎರಡರಿಂದ ಭಾಗಿಸಿದರೆ 50 ಸೆಂಟಿಮೀಟರ್, ಮೂರರಿಂದ ಭಾಗಿಸಿದರೆ 33. ಒಂದೇ ಕಣ್ಣಿಗೆ ಎರಡು ಎಲ್ಲೆಗಳು. ಅಡ್ಡಗೆರೆ ಸ್ಪಷ್ಟವಾಗಬೇಕಾದರೆ ಅದರ ಬೆಳಕು ಮೇಲೆ ಕೆಳಗೆ ಚದುರಬಾರದು. ಅದನ್ನು ನೋಡಿಕೊಳ್ಳುವುದು ಕಣ್ಣಿನ ಲಂಬ ದಿಕ್ಕಿನ ಬಾಗು. ಆ ಬಾಗೇ ಇಲ್ಲಿ ಹೆಚ್ಚು ದಾರಿ ತಪ್ಪಿರುವುದು.

ತರಗತಿಯ ಬೋರ್ಡು ಈ ಎರಡೂ ಎಲ್ಲೆಗಳಿಗೆ ಆಚೆ ಇದೆ, ಆದ್ದರಿಂದ ಅಲ್ಲಿ ಎಲ್ಲವೂ ಮಸುಕು. ಆದರೂ ಮಸುಕು ಒಂದೇ ತೆರನಾಗಿಲ್ಲ. ಮೇಲೆ ಕೆಳಗೆ ಹೆಚ್ಚು, ಅಕ್ಕಪಕ್ಕಕ್ಕೆ ಕಡಿಮೆ. ಕನ್ನಡ ಅಕ್ಷರದ ತಲೆಕಟ್ಟು ಕೆಳಕ್ಕೆ ಇಳಿದು ಹೊಟ್ಟೆಯ ಜೊತೆ ಕಲಸಿಕೊಳ್ಳುತ್ತದೆ. ಹುಡುಗಿ ಕಣ್ಣು ಕಿರಿದು ಮಾಡಿ ನೋಡುತ್ತಾಳೆ, ಮೇಷ್ಟ್ರು ಅದನ್ನು ಗಮನಿಸಿಯೇ ಮನೆಗೆ ಹೇಳಿ ಕಳಿಸಿದ್ದು. ಅವಳು ಗೊತ್ತಿಲ್ಲದೆ ಸರಿಯಾದ ಕೆಲಸವನ್ನೇ ಮಾಡುತ್ತಿದ್ದಳು. ರೆಪ್ಪೆಗಳನ್ನು ಹತ್ತಿರ ತಂದಾಗ ನಡುವೆ ಅಡ್ಡನೆಯ ಸೀಳು ಮಾತ್ರ ಉಳಿಯುತ್ತದೆ, ಮೇಲಿನಿಂದ ಕೆಳಗಿನಿಂದ ಬರುವ ಬೆಳಕು ಕಡಿತವಾಗುತ್ತದೆ, ಮೈನಸ್ ಮೂರರ ದಿಕ್ಕಿನ ಮಸುಕು ಅಷ್ಟರ ಮಟ್ಟಿಗೆ ಇಳಿಯುತ್ತದೆ. ದಿನವಿಡೀ ಹಾಗೆ ಹಿಂಡಿದರೆ ಹಣೆನೋವು ಬರದೆ ಇದ್ದೀತೇ?

ತನ್ನ ಕಣ್ಣಿನ ಈ ಕೊರತೆಯನ್ನು ತಾನೇ ಅಳೆದು, ಅದಕ್ಕೆ ತಕ್ಕ ಮಸೂರ ಮಾಡಿಸಿಕೊಂಡ ಮನುಷ್ಯನೊಬ್ಬ ಚರಿತ್ರೆಯಲ್ಲಿದ್ದಾನೆ. ಇಂಗ್ಲೆಂಡಿನ ಜಾರ್ಜ್ ಏರಿ. ಮುಂದೆ ಅಲ್ಲಿನ ರಾಜಖಗೋಳಜ್ಞನಾದ ಈತನಿಗೆ ಎಡಗಣ್ಣಿನಿಂದ ಓದಲು ಆಗುತ್ತಿರಲಿಲ್ಲ, ಸಾಮಾನ್ಯ ಗೋಳಮಸೂರದಿಂದ ಪ್ರಯೋಜನವೂ ಆಗಲಿಲ್ಲ. ರಟ್ಟಿನಲ್ಲಿ ಸೂಜಿಯಿಂದ ಸಣ್ಣ ತೂತು ಮಾಡಿ, ಬೆಳಕಿನ ಆ ಚುಕ್ಕಿಯನ್ನು ಹತ್ತಿರ ದೂರ ಸರಿಸುತ್ತ ನೋಡಿದ. ಒಂದು ದೂರದಲ್ಲಿ ಚುಕ್ಕಿ ಗೆರೆಯಾಯಿತು. ಇನ್ನೊಂದು ದೂರದಲ್ಲಿ ಮೊದಲನೆಯದಕ್ಕೆ ಲಂಬವಾದ ಇನ್ನೊಂದು ಗೆರೆಯಾಯಿತು. ಎರಡು ದೂರಗಳಿಂದ ಲೆಕ್ಕ ಕಟ್ಟಿ, ಇಪ್ಸ್‌ವಿಚ್ ಊರಿನ ಫುಲ್ಲರ್ ಎಂಬ ಕುಶಲಕರ್ಮಿಯಿಂದ ಸಿಲಿಂಡರ್ ಮಸೂರ ತಿಕ್ಕಿಸಿಕೊಂಡ. ಇದು 1825ರ ಸುಮಾರಿನ ಮಾತು. ನೋಟ್‌ಬುಕ್ಕಿನ ಪ್ರಯೋಗಕ್ಕೂ ಏರಿಯ ರಟ್ಟಿಗೂ ಬುಡ ಒಂದೇ.

ಆಕ್ಸಿಸ್ ಎಂಬ ಮೂರನೆಯ ಅಂಕಿ ಪವರ್ ಅಲ್ಲವೇ ಅಲ್ಲ. ‘ಆಕ್ಸಿಸ್ ನೂರೆಂಬತ್ತು ಅಂತೆ, ತುಂಬ ಜಾಸ್ತಿಯಂತೆ’ ಎಂದು ಹೆದರುವವರಿದ್ದಾರೆ. ಅದು ಬರೀ ದಿಕ್ಕು. ಜ್ಯಾಮಿಟ್ರಿ ಬಾಕ್ಸಿನ ಕೋನಮಾಪಕದಲ್ಲಿ ಗುರುತಿಸುವ ಕೋನ. ಪರೀಕ್ಷಿಸುವವರು ನಿಮ್ಮ ಎದುರು ಕೂತು ನಿಮ್ಮ ಮುಖ ನೋಡುತ್ತಾರಲ್ಲ, ಅವರ ಬಲಗೈ ಕಡೆ ಸೊನ್ನೆ, ಮೇಲೆ 90, ಅವರ ಎಡಗೈ ಕಡೆ 180. ಎರಡೂ ಕಣ್ಣಿಗೆ ಇದೇ ರೀತಿ, ಎಡಗಣ್ಣಿಗೆಂದು ತಿರುಗಿಸಿ ಎಣಿಸುವುದಿಲ್ಲ. ಗೆರೆಗೆ ತಲೆ ಬಾಲ ಇಲ್ಲವಾದ್ದರಿಂದ ಸೊನ್ನೆಯೂ 180ಯೂ ಒಂದೇ ಅಡ್ಡಗೆರೆ, ರೂಢಿಯಲ್ಲಿ 180 ಎಂದೇ ಬರೆಯುತ್ತಾರೆ. ಡಿಗ್ರಿಯ ಪುಟ್ಟ ಸೊನ್ನೆಯನ್ನು ಹಾಕುವುದಿಲ್ಲ. ಹಾಕಿದರೆ 18 ಡಿಗ್ರಿ 180 ಆಗಿ ಕಂಡೀತು. ಹುಡುಗಿಯ ಎಡಗಣ್ಣಿನ 170 ಎಂದರೆ ಅಡ್ಡಗೆರೆಯನ್ನು 10 ಡಿಗ್ರಿಯಷ್ಟು ವಾಲಿಸಿದ್ದು, ಮೂಗಿನ ಕಡೆಯ ತುದಿ ಸ್ವಲ್ಪ ಮೇಲಕ್ಕೆ. ಸಿಲಿಂಡರ್ ಮನೆ ಖಾಲಿ ಇದ್ದರೆ ಆಕ್ಸಿಸ್ ಮನೆಯೂ ಖಾಲಿ ಇರಬೇಕು, ಸಿಲಿಂಡರ್ ಇದ್ದಲ್ಲಿ ಆಕ್ಸಿಸ್ ಇರಲೇಬೇಕು. ಸಿಲಿಂಡರ್ ಬರೆದು ಆಕ್ಸಿಸ್ ಬಿಟ್ಟ ಚೀಟಿಯಿಂದ ಕನ್ನಡಕ ಮಾಡಲು ಬರುವುದಿಲ್ಲ.

ಈ ಕೋನ ಸಿಗುವುದು ಹೇಗೆ? ಮೊದಲು ಯಂತ್ರದ ಮುಂದೆ ಗದ್ದ ಇಟ್ಟು ಕೂರಿಸುತ್ತಾರೆ. ಒಳಗೆ ರಸ್ತೆಯ ತುದಿಯಲ್ಲಿ ಬಲೂನೋ ಮನೆಯೋ ಕಾಣುತ್ತದೆ, ಮಸುಕಾಗಿ ಸ್ಪಷ್ಟವಾಗುತ್ತದೆ, ಕ್ಷಣದಲ್ಲಿ ಬಿಲ್ಲಿನಂಥ ಚೀಟಿ ಹೊರಬರುತ್ತದೆ. ಅದರಲ್ಲಿಯೂ ಸ್ಫಿಯರ್, ಸಿಲಿಂಡರ್, ಆಕ್ಸಿಸ್ ಇರುತ್ತವೆ. ಆದರೆ ಅದು ಅಂದಾಜು, ಕನ್ನಡಕದ ಚೀಟಿ ಅಲ್ಲ. ಎಳೆಯ ಕಣ್ಣು ಯಂತ್ರದೊಳಗಿನ ಚಿತ್ರ ಹತ್ತಿರವಿದೆ ಎಂದುಕೊಂಡು ಒಳಗಿನ ಮಸೂರವನ್ನು ಉಬ್ಬಿಸಿಬಿಡುತ್ತದೆ, ಆಗ ಇಲ್ಲದ ಮೈನಸ್ ಬರುತ್ತದೆ. ಮಕ್ಕಳಿಗೆ ಕಣ್ಣಿಗೆ ಹನಿ ಹಾಕಿ, ಹೊತ್ತು ಬಿಟ್ಟು ಪರೀಕ್ಷೆ ಮಾಡುವುದು ಈ ಉಬ್ಬುವಿಕೆಯನ್ನು ತಡೆಯುವುದಕ್ಕಾಗಿ. ಯಂತ್ರದ ಚೀಟಿಯನ್ನೇ ನೇರ ಮಸೂರಕ್ಕೆ ಇಳಿಸಿ ಕೊಡುವ ಕಡೆ ಅವಸರ ಮಾಡಬೇಡಿ.

ಅಸಲು ಕೆಲಸ ನಡೆಯುವುದು ಮೂಗಿನ ಮೇಲೆ ಭಾರದ ಟ್ರಯಲ್ ಫ್ರೇಮ್ ಇಟ್ಟ ಮೇಲೆ. ಅದರ ಅಂಚಿನಲ್ಲಿ ಕೋನಗಳ ಗುರುತು ಇರುತ್ತವೆ, ಸಿಲಿಂಡರ್ ಮಸೂರಕ್ಕೆ ಸಣ್ಣ ಗೆರೆ ಕೊರೆದಿರುತ್ತಾರೆ, ತಿರುಗಣಿ ತಿರುಗಿಸಿ ಗೆರೆಯನ್ನು ಬೇಕಾದ ಕೋನಕ್ಕೆ ತರುತ್ತಾರೆ. ಆಮೇಲೆ ಹಿಡಿಕೆಯಿರುವ ಒಂದು ಪುಟ್ಟ ಮಸೂರ ಬರುತ್ತದೆ. ಜಾಕ್ಸನ್ ಕ್ರಾಸ್ ಸಿಲಿಂಡರ್ ಎಂದು ಅದರ ಹೆಸರು. ಒಂದು ದಿಕ್ಕಿಗೆ ಸ್ವಲ್ಪ ಪ್ಲಸ್, ಅದಕ್ಕೆ ಲಂಬವಾಗಿ ಅಷ್ಟೇ ಮೈನಸ್. ಅದನ್ನು ಕಣ್ಣೆದುರು ಹಿಡಿದು ಪಟಕ್ಕನೆ ಮಗುಚಿ “ಮೊದಲನೇದು ಚೆನ್ನಾಗಿತ್ತಾ, ಎರಡನೇದಾ?” ಎಂದು ಕೇಳುತ್ತಾರೆ. ಒಂದು ಬದಿ ಚೆನ್ನಾಗಿದೆ ಎಂದರೆ ಅಕ್ಷವನ್ನು ಆ ಕಡೆಗೆ ಸ್ವಲ್ಪ ತಿರುಗಿಸಿ ಮತ್ತೆ ಮಗುಚುತ್ತಾರೆ. ಮೊದಲು ಕೋನ ನಿಗದಿಯಾಗುತ್ತದೆ, ಆಮೇಲೆ ಸಿಲಿಂಡರಿನ ಪವರ್.

ಮೊದಲ ಸಲ ಕೂತವರು ಇಲ್ಲಿ ಪರೀಕ್ಷೆ ಬರೆದಂತೆ ಬೆವರುತ್ತಾರೆ. ಎರಡೂ ಒಂದೇ ಥರ ಮಸುಕಾಗಿ ಕಂಡರೂ ತಪ್ಪು ಉತ್ತರವಾದೀತೆಂದು ಯಾವುದೋ ಒಂದನ್ನು ಹೇಳಿಬಿಡುತ್ತಾರೆ. ಹಾಗೆ ಮಾಡಬೇಡಿ. ‘ಎರಡೂ ಒಂದೇ’ ಎಂಬ ಉತ್ತರಕ್ಕಾಗಿಯೇ ಅಷ್ಟು ಹೊತ್ತು ಮಗುಚುತ್ತಿರುವುದು. ಎರಡು ಬದಿಯೂ ಸಮನಾಗಿ ಕಂಡರೆ ಅಕ್ಷ ಸರಿಯಾದ ಜಾಗಕ್ಕೆ ಬಂತು ಎಂದರ್ಥ.

ಇಷ್ಟೆಲ್ಲ ಆಗಿ ಚೀಟಿ ಕೈಗೆ ಬಂತು. ಮನೆಯವರಿಗೆ ಸಮಾಧಾನವಾಗದೆ ಇನ್ನೊಂದು ಕಡೆಯೂ ತೋರಿಸಿದರು. ಅಲ್ಲಿ ಬರೆದುಕೊಟ್ಟದ್ದು:

ಬಲಗಣ್ಣು: −3.00 / +1.00 × 90

ಒಂದೇ ವಾರದಲ್ಲಿ ಎರಡು ಹೋಗಿ ಮೂರಾಯಿತು, ಮೈನಸ್ ಹೋಗಿ ಪ್ಲಸ್ ಆಯಿತು, ನೂರೆಂಬತ್ತು ತೊಂಬತ್ತಾಯಿತು! ಇಬ್ಬರಲ್ಲಿ ಒಬ್ಬರಿಗೆ ಕೆಲಸ ಗೊತ್ತಿಲ್ಲ ಎಂದು ಅಪ್ಪ ತೀರ್ಮಾನಿಸಿದ್ದಾರೆ. ಇಬ್ಬರೂ ಬರೆದದ್ದು ಒಂದೇ ಮಸೂರ. ಮೊದಲನೆಯವರು ಸಿಲಿಂಡರನ್ನು ಮೈನಸ್ಸಿನಲ್ಲಿ ಬರೆದರು, ಎರಡನೆಯವರು ಪ್ಲಸ್ಸಿನಲ್ಲಿ ಬರೆದರು. ಎರಡನೆಯ ಚೀಟಿಯನ್ನು ಬಿಡಿಸಿ ನೋಡಿ. ಅಕ್ಷ 90, ಅಂದರೆ ನೆಟ್ಟಗಿನ ಗೆರೆ. ಆ ದಿಕ್ಕಿಗೆ ಸಿಲಿಂಡರ್ ಸೊನ್ನೆ, ಸ್ಫಿಯರ್ ಒಂದೇ, ಮೈನಸ್ ಮೂರು. ಅಡ್ಡ ದಿಕ್ಕಿಗೆ ಮೈನಸ್ ಮೂರಕ್ಕೆ ಪ್ಲಸ್ ಒಂದು ಸೇರಿ ಮೈನಸ್ ಎರಡು. ಲಂಬಕ್ಕೆ ಮೂರು, ಅಡ್ಡಕ್ಕೆ ಎರಡು, ಮೊದಲಿನದೇ. ಒಂದು ಬರವಣಿಗೆಯಿಂದ ಇನ್ನೊಂದಕ್ಕೆ ಹೋಗಲು ಸ್ಫಿಯರಿಗೆ ಸಿಲಿಂಡರನ್ನು ಕೂಡಿಸಿ ಹೊಸ ಸ್ಫಿಯರ್ ಮಾಡಬೇಕು, ಸಿಲಿಂಡರಿನ ಚಿಹ್ನೆ ಬದಲಿಸಬೇಕು, ಅಕ್ಷವನ್ನು 90 ಡಿಗ್ರಿ ತಿರುಗಿಸಬೇಕು. ಎಡಗಣ್ಣಿನ −1.75 / −0.50 × 170 ಹೀಗೆ −2.25 / +0.50 × 80 ಆಗುತ್ತದೆ. ಮಾಡಬಾರದ್ದು ಒಂದೇ: ಒಂದು ಚೀಟಿಯ ಸ್ಫಿಯರಿಗೆ ಇನ್ನೊಂದು ಚೀಟಿಯ ಸಿಲಿಂಡರ್ ಸೇರಿಸುವುದು. ಫೋನಿನಲ್ಲಿ ಅಂಕಿ ಓದಿ ಹೇಳುವಾಗ ಆಗುವ ಯಡವಟ್ಟು ಇದು. ಚೀಟಿಯ ಫೋಟೊ ಕಳಿಸುವುದೇ ಲೇಸು.

ಅಂಗಡಿಯಲ್ಲಿ ಇನ್ನೊಂದು ಮಾತು ಕಿವಿಗೆ ಬೀಳಬಹುದು: “ಸಿಲಿಂಡರ್ ಲೆನ್ಸ್ ತರಿಸಬೇಕು, ನಾಲ್ಕು ದಿನ ಆಗುತ್ತೆ. ಎರಡೂವರೆ ಹಾಕಿ ಈಗಲೇ ಕೊಡ್ತೀನಿ, ಅಡ್ಜಸ್ಟ್ ಆಗುತ್ತೆ.” ಈ ಎರಡೂವರೆ ಹಾರಿಬಂದ ಅಂಕಿಯಲ್ಲ. ಸ್ಫಿಯರಿಗೆ ಸಿಲಿಂಡರಿನ ಅರ್ಧವನ್ನು ಕೂಡಿಸಿದರೆ −2.50 ಬರುತ್ತದೆ, ಎರಡಕ್ಕೂ ಮೂರಕ್ಕೂ ನಡುವಿನ ಅಂಕಿ. ಹಾಕಿಕೊಂಡರೆ ಬೋರ್ಡು ಮೊದಲಿಗಿಂತ ಎಷ್ಟೋ ಚೆನ್ನಾಗಿ ಕಾಣುತ್ತದೆ, ಆದ್ದರಿಂದಲೇ ಜನ ಒಪ್ಪಿಕೊಳ್ಳುತ್ತಾರೆ. ಆದರೆ ಲಂಬಕ್ಕೆ ಅರ್ಧ ಡಯಾಪ್ಟರ್ ಕಡಿಮೆ ಬಿತ್ತು, ಅಡ್ಡಕ್ಕೆ ಅರ್ಧ ಡಯಾಪ್ಟರ್ ಹೆಚ್ಚಾಯಿತು. ಯಾವ ದೂರದಲ್ಲಿಯೂ ಅಕ್ಷರ ಪೂರ್ತಿ ತಿಳಿಯಾಗುವುದಿಲ್ಲ. ಸಿಲಿಂಡರ್ 0.25 ಇದ್ದಾಗ ಬಿಟ್ಟರೆ ಹೆಚ್ಚಿನವರಿಗೆ ವ್ಯತ್ಯಾಸ ಗೊತ್ತಾಗದು. ಒಂದು ಡಯಾಪ್ಟರ್ ಇದ್ದಾಗ ಬಿಡುವುದು, ನನ್ನ ಮಟ್ಟಿಗೆ, ಒಂದು ಸೈಜು ಚಿಕ್ಕ ಚಪ್ಪಲಿ ಮಾರಿದ ವ್ಯಾಪಾರ. ನಾಲ್ಕು ದಿನ ಕಾಯುವುದು ಒಳ್ಳೆಯದು.

ಸಿಲಿಂಡರ್ ಸರಿಯಾಗಿ ಹಾಕಿಯೂ ಅಕ್ಷ ತಪ್ಪಿದರೆ? ಬಲಗಣ್ಣಿನ ಮಸೂರ 180ರ ಬದಲು 10 ಡಿಗ್ರಿ ಆಚೀಚೆ ಕೂತರೆ ಸರಿಪಡಿಸಬೇಕಿದ್ದ ದೋಷದಲ್ಲಿ ಮೂರನೆಯ ಒಂದು ಭಾಗ ಹಾಗೇ ಉಳಿಯುತ್ತದೆ. 30 ಡಿಗ್ರಿ ತಪ್ಪಿದರೆ ಸಿಲಿಂಡರ್ ಹಾಕಿಯೂ ಹಾಕದಷ್ಟೇ ದೋಷ ಉಳಿಯುತ್ತದೆ, ಅದೂ ಹೊಸ ಕೋನದಲ್ಲಿ. ಅದಕ್ಕೂ ಹೆಚ್ಚು ತಪ್ಪಿದರೆ ಸಿಲಿಂಡರ್ ಹಾಕದೆ ಬಿಟ್ಟದ್ದಕ್ಕಿಂತ ಕೆಡುಕು. ಸಿಲಿಂಡರ್ ದೊಡ್ಡದಾದಷ್ಟೂ ಕೋನದ ತಪ್ಪು ಹೆಚ್ಚು ಕಾಡುತ್ತದೆ. ಇಲ್ಲಿ ದುಂಡು ಫ್ರೇಮಿನ ಮೋಹ ಇರುವವರಿಗೊಂದು ಮಾತು. ಚೌಕ ಫ್ರೇಮಿನಲ್ಲಿ ಮಸೂರ ತಿರುಗಲು ಜಾಗವಿಲ್ಲ. ಪೂರ್ತಿ ದುಂಡಗಿನ ಫ್ರೇಮಿನಲ್ಲಿ ಸ್ಕ್ರೂ ಸ್ವಲ್ಪ ಸಡಿಲವಾದರೂ ಒರೆಸುವಾಗ ಮಸೂರ ತಿರುಗಿಬಿಡಬಹುದು. ಸ್ಫಿಯರ್ ಮಾತ್ರ ಇದ್ದರೆ ತಿರುಗಿದ್ದು ಗೊತ್ತೂ ಆಗುವುದಿಲ್ಲ, ಸಿಲಿಂಡರ್ ಇದ್ದರೆ ಬೆಳಿಗ್ಗೆ ಚೆನ್ನಾಗಿದ್ದ ಕನ್ನಡಕ ಸಂಜೆಗೆ ಕೈಕೊಡುತ್ತದೆ.

ಬಂದ ಕನ್ನಡಕವನ್ನು ನೀವೇ ಒಂದಿಷ್ಟು ಪರೀಕ್ಷಿಸಬಹುದು. ಹಾಕಿಕೊಳ್ಳದೆ ತೋಳುದ್ದ ದೂರ ಹಿಡಿದು, ಬಲ ಮಸೂರದ ಮೂಲಕ ಎದುರಿನ ಬಾಗಿಲ ಚೌಕಟ್ಟನ್ನು ನೋಡಿ. ಕನ್ನಡಕವನ್ನು ಪಕ್ಕಕ್ಕೆ ಸರಿಸಿದಾಗ ಒಳಗೆ ಕಾಣುವ ಚೌಕಟ್ಟೂ ಅದೇ ಕಡೆ ಸರಿದರೆ ಮಸೂರ ಮೈನಸ್, ಎದುರು ದಿಕ್ಕಿಗೆ ಓಡಿದರೆ ಪ್ಲಸ್. ಚಿಹ್ನೆ ಸರಿಯಿದೆಯೇ ಎಂಬುದು ಇಷ್ಟರಲ್ಲೇ ಗೊತ್ತಾಯಿತು. ಈಗ ಕನ್ನಡಕವನ್ನು ಗಾಡಿಯ ಸ್ಟೀರಿಂಗಿನಂತೆ ನಿಧಾನ ತಿರುಗಿಸಿ. ಸ್ಫಿಯರ್ ಮಾತ್ರ ಇರುವ ಮಸೂರದಲ್ಲಿ ಚೌಕಟ್ಟಿನ ಗೆರೆ ಅಲುಗುವುದಿಲ್ಲ. ಸಿಲಿಂಡರ್ ಇದ್ದರೆ ಮಸೂರದೊಳಗಿನ ಗೆರೆ ಹೊರಗಿನ ಗೆರೆಯಿಂದ ಮುರಿದು ವಾಲುತ್ತದೆ. ಅಕ್ಷ 180ರಲ್ಲೇ ಇದ್ದರೆ ಕನ್ನಡಕ ನೆಟ್ಟಗಿರುವಾಗ ಒಳಗಿನ ಗೆರೆಯೂ ಹೊರಗಿನದಕ್ಕೆ ಸಮವಾಗಿ ನೆಟ್ಟಗೇ ಕಾಣಬೇಕು. ಅಂಕಿ ಎಷ್ಟೆಂಬುದು ಹೀಗೆ ತಿಳಿಯುವುದಿಲ್ಲ. ಅದಕ್ಕೆ ಅಂಗಡಿಯಲ್ಲಿ ಲೆನ್ಸೋಮೀಟರ್ ಇರುತ್ತದೆ, “ಒಂದ್ಸಲ ಅದರಲ್ಲಿ ಇಟ್ಟು ತೋರಿಸಿ” ಎಂದು ಕೇಳಿ, ಬಂದ ಅಂಕಿಗಳನ್ನು ಚೀಟಿಯ ಜೊತೆ ತಾಳೆ ನೋಡಿ. ಎರಡು ಕಣ್ಣುಪಾಪೆಗಳ ನಡುವಿನ ಅಂತರವನ್ನು ಅವರು ಅಳೆದಿದ್ದಾರೆಯೇ ಎಂದೂ ಕೇಳಿ. ಚೀಟಿಯಲ್ಲಿ ಅದು ಬಹಳ ಸಲ ಇರುವುದಿಲ್ಲ. ಮಸೂರದ ಕೇಂದ್ರ ಕಣ್ಣುಪಾಪೆಯ ಎದುರಿಗೆ ಬರದಿದ್ದರೆ ಸರಿಯಾದ ಪವರ್ ಇದ್ದರೂ ಕಣ್ಣು ದಣಿಯುತ್ತದೆ.

ಎಲ್ಲ ಸರಿಯಿದ್ದರೂ ಮೊದಲ ದಿನ ನೆಲ ಇಳಿಜಾರಾಗಿ ಕಾಣಬಹುದು, ಮೆಟ್ಟಿಲು ಹತ್ತಿರ ಬಂದಂತೆ, ಟೇಬಲ್ಲಿನ ಅಂಚು ವಾಲಿದಂತೆ ಅನ್ನಿಸಬಹುದು. ಮೈನಸ್ ಮಸೂರ ನೋಟವನ್ನು ಸ್ವಲ್ಪ ಕಿರಿದು ಮಾಡುತ್ತದೆ; ಸಿಲಿಂಡರ್ ಇದ್ದಾಗ ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ ಕಿರಿದಾಗುತ್ತದೆ. ಮಿದುಳು ಇದಕ್ಕೆ ಒಗ್ಗಿಕೊಳ್ಳಲು ಸಾಮಾನ್ಯವಾಗಿ ಕೆಲವು ದಿನ, ಹೆಚ್ಚೆಂದರೆ ಒಂದೆರಡು ವಾರ ಬೇಕು. ತೆಗೆದು ಹಾಕಿ ಮಾಡದೆ ಹಾಕಿಕೊಂಡೇ ಇದ್ದರೆ ಬೇಗ ಒಗ್ಗುತ್ತದೆ. ವಾಲಿದಂತೆ ಕಂಡರೂ ಅಕ್ಷರ ಸ್ಪಷ್ಟವಾಗಿದ್ದರೆ ಅದು ಹೊಸತರ ಕಾಟ. ಅಕ್ಷರವೇ ಮಸುಕಾಗಿದ್ದರೆ, ಎರಡೆರಡು ಕಂಡರೆ, ಎರಡು ವಾರವಾದರೂ ತಲೆನೋವು ಬಿಡದಿದ್ದರೆ ಚೀಟಿಯೂ ಕನ್ನಡಕವೂ ಎರಡನ್ನೂ ಹಿಡಿದು ಬರೆದುಕೊಟ್ಟವರ ಬಳಿಗೆ ಹೋಗಬೇಕು. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದ ದಿನಗಳಲ್ಲಿ ಪರೀಕ್ಷೆ ಮಾಡಿಸಿದ್ದರಂತೂ ಸ್ಫಿಯರ್ ಅಂಕಿಯೇ ಏರುಪೇರಾಗಿರುತ್ತದೆ, ಸಕ್ಕರೆ ಒಂದು ಮಟ್ಟಕ್ಕೆ ನಿಂತ ಮೇಲೆ ಮತ್ತೆ ನೋಡಿಸಬೇಕು.

ಮುಂದಿನ ವರ್ಷದ ಚೀಟಿಯಲ್ಲಿ ಹುಡುಗಿಯ ಬಲಗಣ್ಣಿನ ಅಕ್ಷ 180 ಇದ್ದದ್ದು 5 ಆಗಿರಬಹುದು. ಅದು 175 ಡಿಗ್ರಿಯ ಜಿಗಿತವಲ್ಲ. 180 ಮುಗಿದಲ್ಲೇ ಸೊನ್ನೆ ಶುರುವಾಗುವುದರಿಂದ ಬದಲಾವಣೆ ಬರೀ 5 ಡಿಗ್ರಿ. ಬೆಳೆಯುವ ವಯಸ್ಸಿನಲ್ಲಿ ಸ್ಫಿಯರ್ ಕಾಲು, ಅರ್ಧ ಏರುವುದು ಸಾಮಾನ್ಯ. ಗಮನಿಸಬೇಕಾದದ್ದು ಸಿಲಿಂಡರನ್ನು. ಹದಿಹರೆಯದಲ್ಲಿ ಅದು ವರ್ಷ ವರ್ಷ ಏರುತ್ತ, ಅಕ್ಷವೂ ಪ್ರತಿ ಸಲ ಬೇರೆ ಬೇರೆ ಬರುತ್ತ, ಹೊಸ ಕನ್ನಡಕದಲ್ಲೂ ನೋಟ ತಿಳಿಯಾಗದಿದ್ದರೆ, ಜೊತೆಗೆ ಕಣ್ಣುಜ್ಜುವ ಚಾಳಿ ಇದ್ದರೆ, ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚೂಪಾಗುತ್ತ ಹೋಗುವ ಕೆರಟೋಕೋನಸ್ ಇರಬಹುದು. ಟೊಪೋಗ್ರಫಿ ಎಂಬ ಪರೀಕ್ಷೆಯಲ್ಲಿ ಕಾರ್ನಿಯಾದ ಏರಿಳಿತದ ನಕ್ಷೆ ತೆಗೆದು ಅದನ್ನು ಕಂಡುಹಿಡಿಯುತ್ತಾರೆ. ಬೇಗ ಸಿಕ್ಕರೆ ಮುಂದುವರಿಯದಂತೆ ತಡೆಯುವ ಚಿಕಿತ್ಸೆಯೂ ಇದೆ. ಆದರೆ ಏರುತ್ತಿದೆ ಎಂದು ತಿಳಿಯಲು ಹಿಂದಿನ ಅಂಕಿ ಬೇಕು. ಹೊಸ ಕನ್ನಡಕ ಬಂದ ಕೂಡಲೇ ಹಳೆಯ ಚೀಟಿಯನ್ನು ಎಸೆಯದೆ, ತಾರೀಖಿನ ಸಮೇತ ಮುಂದಿನ ಪರೀಕ್ಷೆಗೆ ಒಯ್ಯುವುದು ಈ ಕಾರಣಕ್ಕೆ.